ನಿಫ್ಟಿ ಇಲ್ಲೇ ನಿಲ್ಲುತ್ತದೆ ಎಂದು ಹೇಳುವ ಪಂದ್ಯ: ಬಟರ್‌ಫ್ಲೈ ಸ್ಪ್ರೆಡ್‌ನ ಬೆಲೆ ಓದುವುದು ಹೇಗೆ?

ಬೆಂಗಳೂರಿನ ಜಯನಗರದಲ್ಲಿ ಭಾನುವಾರ ಬೆಳಿಗ್ಗೆ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಷೇರು ಪೇಟೆಯ ಬಗ್ಗೆ ಮಾತು ಶುರುವಾದರೆ ಮೊದಲು ಬರುವ ಪ್ರಶ್ನೆ ಒಂದೇ: ಏರುತ್ತದೋ, ಇಳಿಯುತ್ತದೋ? ಇವತ್ತು ನಾನು ಮಾತನಾಡಲು ಬಂದಿರುವುದು ಈ ಎರಡೂ ಅಲ್ಲದ ಮೂರನೆಯ ಅಭಿಪ್ರಾಯದ ಬಗ್ಗೆ. ‘ಇಂಥ ದಿನದ ಹೊತ್ತಿಗೆ ನಿಫ್ಟಿ ಸುಮಾರು ಇಷ್ಟರಲ್ಲಿ ಬಂದು ನಿಲ್ಲುತ್ತದೆ’ ಎನ್ನುವವರೂ ಇದ್ದಾರೆ. ಬರೀ ಷೇರು ಕೊಳ್ಳುವ, ಮಾರುವ ವ್ಯವಹಾರದಲ್ಲಿ ಈ ಅಭಿಪ್ರಾಯವನ್ನು ಹಣವಾಗಿಸಲು ದಾರಿಯಿಲ್ಲ. ಆಪ್ಷನ್‌ಗಳಲ್ಲಿ ಇದೆ. ನಮ್ಮ ದೇಶದಲ್ಲಿ ನಿಫ್ಟಿ ಆಪ್ಷನ್ ಶುರುವಾದದ್ದು 2001ರ ಜೂನ್‌ನಲ್ಲಿ. ವಾರದ ಎಕ್ಸ್‌ಪೈರಿ, ಅಂದರೆ ವಾರಕ್ಕೊಮ್ಮೆ ಅವಧಿ ಮುಗಿಯುವ ಆಪ್ಷನ್, ಬಂದದ್ದು 2019ರಲ್ಲಿ. ಈ ವಾರದ ಆಪ್ಷನ್‌ಗಳು ಬಂದ ಮೇಲೆ, ಬಟರ್‌ಫ್ಲೈ ಸ್ಪ್ರೆಡ್ ಎಂಬ ಹೆಸರು ಮೊಬೈಲ್ ಹಿಡಿದವರ ಬಾಯಲ್ಲೆಲ್ಲ ಓಡಾಡತೊಡಗಿತು. ‘ಎರಡೂವರೆ ಸಾವಿರ ಹಾಕಿದರೆ ಹನ್ನೆರಡು ಸಾವಿರ ಬರುತ್ತದೆ, ನಷ್ಟ ಹಾಕಿದ್ದಕ್ಕಿಂತ ಹೆಚ್ಚಾಗುವುದಿಲ್ಲ’ ಎಂದು ಹೇಳಿ ಇದನ್ನು ಕಲಿಸುವವರಿದ್ದಾರೆ. ಆ ಮಾತು ಸುಳ್ಳಲ್ಲ. ಆದರೆ ಅದರಲ್ಲಿ ಹೇಳದೇ ಬಿಟ್ಟದ್ದೇ ಬಹಳ ಮುಖ್ಯ. ಅದು ಅಷ್ಟು ಅಗ್ಗಕ್ಕೆ ಏಕೆ ಸಿಗುತ್ತದೆ ಎನ್ನುವುದನ್ನು ನೀವು ಕೇಳಲೇಬೇಕು.

ಒಂದು ಲೆಕ್ಕವನ್ನು ಹಿಡಿದು ಕೊನೆಯವರೆಗೂ ಹೋಗೋಣ. ಅಂಕಿಗಳು ನಾನು ಉದಾಹರಣೆಗಾಗಿ ಮಾಡಿಕೊಂಡವು. ಆದರೆ ಒಂದಕ್ಕೊಂದು ಹೊಂದುವಂತೆ ಲೆಕ್ಕ ಹಾಕಿಯೇ ಇಟ್ಟುಕೊಂಡಿದ್ದೇನೆ. ನಿಫ್ಟಿ ಈಗ 25,000ದಲ್ಲಿದೆ. ಎಕ್ಸ್‌ಪೈರಿಗೆ ನಾಲ್ಕು ವಹಿವಾಟಿನ ದಿನಗಳಿವೆ. ಪೇಟೆ ನಿಧಾನವಾಗಿ ಮೇಲೇರಿ 25,200ರ ಸುತ್ತ ನಿಲ್ಲುತ್ತದೆ ಎಂದು ನಿಮ್ಮ ಅಂದಾಜು. ಆಗ ನೀವು ಮೂರು ಸ್ಟ್ರೈಕ್‌ಗಳ ಕಾಲ್ ಆಪ್ಷನ್‌ಗಳಲ್ಲಿ ವ್ಯವಹರಿಸುತ್ತೀರಿ. ಸ್ಟ್ರೈಕ್ ಎಂದರೆ ಮೊದಲೇ ಗೊತ್ತುಮಾಡಿದ ಮಟ್ಟ; ಎಕ್ಸ್‌ಪೈರಿಯ ದಿನ ನಿಫ್ಟಿ ಅದಕ್ಕಿಂತ ಎಷ್ಟು ಮೇಲೆ ಮುಗಿಯುತ್ತದೋ ಅಷ್ಟು ಹಣ ಕಾಲ್ ಕೊಂಡವರಿಗೆ ಸಿಗುತ್ತದೆ, ಮಾರಿದವರು ಅದನ್ನು ಕೊಡಬೇಕು. 25,000ದ ಕಾಲ್ ಒಂದನ್ನು 151 ರೂಪಾಯಿಗೆ ಕೊಳ್ಳುತ್ತೀರಿ. 25,400ರ ಕಾಲ್ ಒಂದನ್ನು 28 ರೂಪಾಯಿಗೆ ಕೊಳ್ಳುತ್ತೀರಿ. ನಡುವಿನ 25,200ರ ಕಾಲ್ ಎರಡನ್ನು ತಲಾ 71ಕ್ಕೆ ಮಾರುತ್ತೀರಿ. ಈ ಜೋಡಣೆಯೇ ಬಟರ್‌ಫ್ಲೈ; ಕೊಂಡ ಎರಡು ಕಾಲ್‌ಗಳು ಅದರ ರೆಕ್ಕೆಗಳು. ಕೊಟ್ಟದ್ದು 179, ಬಂದದ್ದು 142. ಕೈಯಿಂದ ಹೋದದ್ದು 37 ಅಂಶ. ಆಪ್ಷನ್‌ಗಳನ್ನು ಲಾಟ್ ಎಂಬ ಗುಂಪಿನ ಲೆಕ್ಕದಲ್ಲೇ ಕೊಳ್ಳಬೇಕು; ಲಾಟ್ ಒಂದಕ್ಕೆ 75 ಎಂದು ಹಿಡಿದರೆ 2,775 ರೂಪಾಯಿ. ಲಾಟ್ ಗಾತ್ರವನ್ನು ವಿನಿಮಯ ಕೇಂದ್ರ ಆಗಾಗ ಬದಲಿಸುತ್ತದೆ, ಆದ್ದರಿಂದ ಆರ್ಡರ್ ಹಾಕುವ ದಿನ ಎಷ್ಟಿದೆ ಎಂದು ನೋಡಿಕೊಳ್ಳಿ.

ಎಕ್ಸ್‌ಪೈರಿಯ ದಿನ ಏನಾಗುತ್ತದೆ? ನಿಫ್ಟಿ 25,000 ಅಥವಾ ಅದಕ್ಕಿಂತ ಕೆಳಗೆ ಮುಗಿದರೆ ಮೂರೂ ಕಾಲ್‌ಗಳಿಗೆ ಬೆಲೆಯಿಲ್ಲ. ನಿಮ್ಮ 37 ಹೋಯಿತು. 25,100ರಲ್ಲಿ ಮುಗಿದರೆ ಕೆಳಗಿನ ಕಾಲ್‌ಗೆ 100 ಬೆಲೆ, ಉಳಿದವು ಸೊನ್ನೆ. ಸರಿಯಾಗಿ 25,200ರಲ್ಲಿ ಮುಗಿದರೆ 200 ಬರುತ್ತದೆ. ಇದೇ ಶಿಖರ, ಖರ್ಚು ಕಳೆದರೆ 163 ಅಂಶ, ಅಂದರೆ 12,225 ರೂಪಾಯಿ ಲಾಭ. ಅಲ್ಲಿಂದ ಮೇಲಕ್ಕೆ ಹೋದಂತೆ ನೀವು ಮಾರಿದ ಎರಡು ಕಾಲ್‌ಗಳು ನಿಮ್ಮ ಲಾಭವನ್ನು ತಿನ್ನತೊಡಗುತ್ತವೆ. 25,300ಕ್ಕೆ ಮತ್ತೆ 100, 25,400ಕ್ಕೆ ಸೊನ್ನೆ. ಅದಕ್ಕಿಂತ ಮೇಲೆ ಎಷ್ಟೇ ಹೋದರೂ ಸೊನ್ನೆಯೇ, ಏಕೆಂದರೆ ಮೇಲಿನ ಕಾಲ್ ಅಲ್ಲಿ ನಿಮ್ಮನ್ನು ಕಾಯುತ್ತದೆ. ಕಾಗದದ ಮೇಲೆ ಬರೆದರೆ 25,000 ಮತ್ತು 25,400ರ ನಡುವೆ ನಿಂತ ಒಂದು ತ್ರಿಕೋನ. ಖರ್ಚು ದಕ್ಕಬೇಕಾದರೆ ನಿಫ್ಟಿ 25,037 ಮತ್ತು 25,363ರ ನಡುವೆ ಮುಗಿಯಬೇಕು.

ಇಲ್ಲಿಯವರೆಗಿನದು ಎಲ್ಲ ಕಡೆಯೂ ಹೇಳಿಕೊಡುವ ಪಾಠ. ನನಗೆ ಹೇಳಬೇಕಾದದ್ದು ಇಲ್ಲಿಂದ ಮುಂದೆ.

ಆ 37 ಎಂಬ ಅಂಕಿಯನ್ನು ರೆಕ್ಕೆಯ ಅಗಲದಿಂದ, ಅಂದರೆ ನಡುವಿನ ಸ್ಟ್ರೈಕ್‌ನಿಂದ ರೆಕ್ಕೆಯ ಸ್ಟ್ರೈಕ್‌ವರೆಗಿನ ದೂರವಾದ 200ರಿಂದ, ಭಾಗಿಸಿ. 0.185, ಅಂದರೆ ಶೇಕಡ ಹದಿನೆಂಟೂವರೆ. ಇದು ಸುಮ್ಮನೆ ಬಂದ ಅನುಪಾತವಲ್ಲ. ನಡುವಿನ ಸ್ಟ್ರೈಕ್‌ನ ಎರಡೂ ಬದಿಗೆ ನೂರು ನೂರು ಅಂಶದೊಳಗೆ, ಅಂದರೆ 25,100 ಮತ್ತು 25,300ರ ನಡುವೆ, ನಿಫ್ಟಿ ಮುಗಿಯುವ ಸಾಧ್ಯತೆಯನ್ನು ಪೇಟೆ ಎಷ್ಟೆಂದು ಎಣಿಸುತ್ತಿದೆಯೋ ಅದಕ್ಕೆ ಇದು ಬಹಳ ಹತ್ತಿರದ ಅಂದಾಜು. ನಮ್ಮ ಅಂಕಿಗಳ ಹಿಂದೆ ಇರುವ ಏರಿಳಿತದ ದರ ವರ್ಷಕ್ಕೆ ಶೇ 12. ಅದನ್ನೇ ಇಟ್ಟುಕೊಂಡು ಸಾಧ್ಯತೆಯನ್ನು ನೇರವಾಗಿ ಲೆಕ್ಕ ಹಾಕಿದರೂ ಶೇ 18ರ ಆಸುಪಾಸೇ ಬರುತ್ತದೆ. ಆಪ್ಷನ್ ಬೆಲೆಗಳ ಒಳಗೇ ಸಾಧ್ಯತೆಗಳ ಪಟ್ಟಿ ಅಡಗಿದೆ, ಅದನ್ನು ಹೊರತೆಗೆಯುವ ಸಾಧನವೇ ಬಟರ್‌ಫ್ಲೈ ಎಂದು ಡಗ್ಲಾಸ್ ಬ್ರೀಡನ್ ಮತ್ತು ರಾಬರ್ಟ್ ಲಿಟ್ಜೆನ್‌ಬರ್ಗರ್ 1978ರಲ್ಲೇ ತೋರಿಸಿದರು. ವಿದ್ವಾಂಸರಿಗಾಗಿ ಬರೆದ ಆ ಲೆಕ್ಕ ಈಗ ನಿಮ್ಮ ಕೈಯಲ್ಲಿ ಒಂದೇ ಭಾಗಾಕಾರವಾಗಿ ಇದೆ. ಇಡೀ ಆಪ್ಷನ್ ಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಚೆಲುವಾದ ಸಂಗತಿ ಬೇರೆ ಕಂಡಿಲ್ಲ.

ಇದರ ಅರ್ಥವೇನೆಂದು ನೋಡಿ. ಬಟರ್‌ಫ್ಲೈ ಅಗ್ಗವಾಗಿರುವುದು ಪೇಟೆ ನಿಮಗೆ ರಿಯಾಯಿತಿ ಕೊಟ್ಟದ್ದರಿಂದಲ್ಲ. ನೀವು ಹೇಳುತ್ತಿರುವ ಘಟನೆ ನಡೆಯುವುದು ಅಪರೂಪ ಎಂದು ಪೇಟೆ ತಿಳಿದಿರುವುದರಿಂದ. ನಮ್ಮ ಲೆಕ್ಕದಲ್ಲಿ ಖರ್ಚು ದಕ್ಕುವ ವ್ಯಾಪ್ತಿಯೊಳಗೆ ನಿಫ್ಟಿ ಮುಗಿಯುವ ಸಾಧ್ಯತೆ ಸುಮಾರು ಶೇ 29. ಅಂದರೆ ಹತ್ತರಲ್ಲಿ ಏಳು ಸಲ ನೀವು ಸೋಲುತ್ತೀರಿ. ಗೆದ್ದಾಗಲೂ ಆ 12,225 ಪೂರ್ತಿ ಸಿಗುವುದು ಅಪರೂಪ. ಶಿಖರದ ಐವತ್ತು ಅಂಶದೊಳಗೆ ಬರುವ ಸಾಧ್ಯತೆ ಶೇ 9 ಮಾತ್ರ. ಹಾಗಾಗಿ ‘ಒಂದಕ್ಕೆ ನಾಲ್ಕು ಪಟ್ಟಿಗೂ ಹೆಚ್ಚು’ ಎಂದು ತೋರಿಸುವವರು ಶಿಖರವನ್ನು ಮಾತ್ರ ತೋರಿಸುತ್ತಿದ್ದಾರೆ ಎಂದು ತಿಳಿಯಿರಿ. ಈ ಪಂದ್ಯ ಕಟ್ಟುವ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: 25,100 ಮತ್ತು 25,300ರ ನಡುವೆ ಮುಗಿಯುತ್ತದೆ ಎಂದು ಪೇಟೆ ನೂರಕ್ಕೆ ಹದಿನೆಂಟು ಎನ್ನುತ್ತಿದೆ, ನಾನು ಎಷ್ಟು ಎನ್ನುತ್ತೇನೆ, ಯಾವ ಆಧಾರದ ಮೇಲೆ? ನಿಮ್ಮ ಉತ್ತರವೂ ಹದಿನೆಂಟೇ ಆದರೆ ಆ ಬಟರ್‌ಫ್ಲೈಯನ್ನು ಕೊಳ್ಳುವುದರಲ್ಲಿ ದಲ್ಲಾಳಿಗೆ ಬಿಟ್ಟರೆ ಬೇರೆ ಯಾರಿಗೂ ಲಾಭವಿಲ್ಲ.

ಇದೇ ಎಳೆಯ ಇನ್ನೊಂದು ತುದಿ ಇದೆ. ಏರಿಳಿತದ ದರ ಶೇ 12ರ ಬದಲು ಶೇ 24 ಇದ್ದಿದ್ದರೆ ಇದೇ ಬಟರ್‌ಫ್ಲೈಯ ಬೆಲೆ 37ರ ಬದಲು ಸುಮಾರು 20 ಆಗುತ್ತಿತ್ತು. ಬಜೆಟ್‌ನ ಹಿಂದಿನ ದಿನ, ಚುನಾವಣಾ ಫಲಿತಾಂಶದ ಹಿಂದಿನ ದಿನ ಬಟರ್‌ಫ್ಲೈಗಳು ಬಹಳ ಅಗ್ಗವಾಗಿ ಕಾಣುವುದು ಇದಕ್ಕೇ. ನಿಫ್ಟಿ ಎಲ್ಲಿಗೆ ಬೇಕಾದರೂ ಹಾರಬಹುದು ಎಂದು ಎಲ್ಲರೂ ನಂಬಿರುವಾಗ, ಯಾವುದೇ ಒಂದು ಜಾಗದಲ್ಲಿ ನಿಲ್ಲುವ ಸಾಧ್ಯತೆಯ ಪಾಲು ಕಿರಿದಾಗುತ್ತದೆ. ಅಂಥ ದಿನ ನೀವು ಬಟರ್‌ಫ್ಲೈ ಕೊಂಡರೆ, ‘ಎಲ್ಲರೂ ಹೆದರಿರುವಷ್ಟು ಏನೂ ಆಗುವುದಿಲ್ಲ’ ಎಂದು ಪಣ ಕಟ್ಟುತ್ತಿದ್ದೀರಿ. ಅದು ನಿಮ್ಮ ನಿಜವಾದ ಅಭಿಪ್ರಾಯವಾಗಿದ್ದರೆ ಸರಿ. ಬೆಲೆ ಇಳಿದಿದೆ ಎಂದಷ್ಟೇ ಕೊಂಡರೆ ಸರಿಯಲ್ಲ.

ಮುಂಭಾಗದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇಲ್ಲಿ ಕೈ ಎತ್ತಿದರು. ‘ಮಧ್ಯದ ಸ್ಟ್ರೈಕ್‌ಗೆ ನಿಫ್ಟಿ ಬಂದು ಕೂತಿದೆ, ಇನ್ನೂ ಎರಡು ದಿನ ಇದೆ. ಪರದೆಯ ಮೇಲೆ ಲಾಭ ಏನೂ ಕಾಣುವುದಿಲ್ಲವಲ್ಲ ಸಾರ್, ಏಕೆ?’ ಎಂದು ಕೇಳಿದರು. ಬಟರ್‌ಫ್ಲೈ ಕೊಂಡವರಿಗೆ ಬಹಳ ಗೊಂದಲವಾಗುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ನಮ್ಮ ಉದಾಹರಣೆಯಲ್ಲಿ ಎರಡು ದಿನ ಕಳೆದು ನಿಫ್ಟಿ ನೀವು ಹೇಳಿದಂತೆಯೇ 25,200ಕ್ಕೆ ಬಂದು ನಿಂತಿದೆ ಎನ್ನೋಣ. ಆಗ ಬಟರ್‌ಫ್ಲೈಯ ಬೆಲೆ 200 ಅಲ್ಲ, ಸುಮಾರು 57. ಎಕ್ಸ್‌ಪೈರಿಯ ದಿನ ಬೆಳಿಗ್ಗೆ ಪೇಟೆ ತೆರೆದಾಗಲೂ ನಿಫ್ಟಿ ಅಲ್ಲೇ ಇದ್ದರೆ ಸುಮಾರು 77. ಅದೇ ದಿನ ಮಧ್ಯಾಹ್ನ ಒಂದೂವರೆಗೆ ಸುಮಾರು 117. ಅಂದರೆ ಶಿಖರದ ಲಾಭದ ಅರ್ಧದಷ್ಟು ಕೊನೆಯ ಎರಡು ಗಂಟೆಗಳಲ್ಲಿ ಬರಬೇಕು! ಕಾರಣ ಸರಳ. ಬಟರ್‌ಫ್ಲೈ ಕೇಳುವುದು ಈಗ ನಿಫ್ಟಿ ಎಲ್ಲಿದೆ ಎಂದಲ್ಲ, ಮುಗಿಯುವಾಗ ಎಲ್ಲಿರುತ್ತದೆ ಎಂದು. ಇನ್ನೂ ಎರಡು ದಿನ ಇರುವಾಗ 25,200ರಲ್ಲಿ ಇರುವ ನಿಫ್ಟಿ ಅಲ್ಲಿಂದ ಯಾವ ಕಡೆಗೆ ಬೇಕಾದರೂ ಇನ್ನೂರೈವತ್ತು ಅಂಶ ಸರಿಯಬಹುದು. ಕೊನೆಯ ಎರಡು ಗಂಟೆಗಳಲ್ಲಿ ಅಷ್ಟು ಸರಿಯಲು ಸಮಯ ಕಡಿಮೆ. ಅನಿಶ್ಚಿತತೆ ಕರಗಿದಷ್ಟೂ ನಿಮ್ಮ ತ್ರಿಕೋನ ಎದ್ದು ನಿಲ್ಲುತ್ತದೆ.

ಇದರಿಂದ ಎರಡು ವ್ಯಾವಹಾರಿಕ ಸಂಗತಿಗಳು ಹುಟ್ಟುತ್ತವೆ. ಮೊದಲನೆಯದು, ಕೊಂಡ ದಿನ ಮತ್ತು ಮರುದಿನ ಇದರ ಬೆಲೆ ಅಲುಗಾಡುವುದೇ ಕಡಿಮೆ. ಅದನ್ನು ನೋಡಿ ‘ತಪ್ಪು ಮಾಡಿದೆ’ ಎಂದು ಹೊರಬರುವುದೂ, ‘ಸರಿಯಾಗಿದೆ’ ಎಂದು ಇನ್ನಷ್ಟು ಕೊಳ್ಳುವುದೂ ಎರಡೂ ಅರ್ಥವಿಲ್ಲದ ಕೆಲಸ. ಎರಡನೆಯದು, ಕೊನೆಯ ದಿನ ಕೈಯಲ್ಲಿ ಎಪ್ಪತ್ತೇಳೋ ನೂರೋ ಇರುವಾಗ ಮಾರಿಬಿಡಬೇಕೋ, ಇನ್ನೂರಕ್ಕಾಗಿ ಕಾಯಬೇಕೋ ಎಂಬ ಪ್ರಶ್ನೆ. ಮಧ್ಯಾಹ್ನ ಒಂದೂವರೆಗೆ 117 ಇದ್ದ ಬಟರ್‌ಫ್ಲೈ, ನಿಫ್ಟಿ ಆಗಲೇ ನೂರು ಅಂಶ ಏರಿಬಿಟ್ಟರೆ 90ಕ್ಕೆ ಬರುತ್ತದೆ; ಇನ್ನೂರು ಏರಿದರೆ 40ಕ್ಕೆ. ನನ್ನ ಅಭಿಪ್ರಾಯ ಕೇಳುವುದಾದರೆ, ಕೊಟ್ಟ ಬೆಲೆ ಎರಡು ಪಟ್ಟಾದಾಗ, ಅಂದರೆ ನಮ್ಮ ಲೆಕ್ಕದಲ್ಲಿ 75ರ ಸುತ್ತ, ಹೊರಬರುವುದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ವಾಸಿ. ಶಿಖರಕ್ಕಾಗಿ ಕಾಯುವವರು ಅದನ್ನು ಪ್ರತಿ ಸಲ ಹೊಸ ಪಂದ್ಯವೆಂದೇ ತಿಳಿದು ಕಾಯಬೇಕು.

ಕಾಯುವವರು ತಿಳಿದಿರಲೇಬೇಕಾದ ಇನ್ನೊಂದು ವಿಷಯವಿದೆ. ಎಕ್ಸ್‌ಪೈರಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೂರೂವರೆಗೆ ಪರದೆಯ ಮೇಲೆ ಮಿನುಗಿದ ಕೊನೆಯ ಅಂಕಿಯನ್ನಲ್ಲ. ಸೂಚ್ಯಂಕದ ಮುಕ್ತಾಯದ ಮೌಲ್ಯವನ್ನು ಅದರಲ್ಲಿರುವ ಷೇರುಗಳ ಕೊನೆಯ ಅರ್ಧ ಗಂಟೆಯ ತೂಕದ ಸರಾಸರಿ ಬೆಲೆಯಿಂದ ಕಟ್ಟುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಹಾಗಾಗಿ ಮೂರೂ ಇಪ್ಪತ್ತೈದಕ್ಕೆ ನಿಫ್ಟಿ ಜಿಗಿದು 25,200 ಮುಟ್ಟಿದರೂ, ಅದಕ್ಕೆ ಮುಂಚಿನ ಇಪ್ಪತ್ತೈದು ನಿಮಿಷ 25,130ರಲ್ಲಿ ಕಳೆದಿದ್ದರೆ ಸರಾಸರಿ 25,140ರ ಹತ್ತಿರ ಬರಬಹುದು. ನಿಮಗೆ ಸಿಗುವುದು 200 ಅಲ್ಲ, 140. ಇದು ನಿಮಗೆ ಅನುಕೂಲವಾಗುವ ದಿನಗಳೂ ಇವೆ: ಕೊನೆಯ ನಿಮಿಷದ ಹುಚ್ಚು ಜಿಗಿತ ನಿಮ್ಮ ಲಾಭವನ್ನು ಪೂರ್ತಿ ಕಸಿದುಕೊಳ್ಳಲಾರದು. ಮೂರು ಗಂಟೆಯ ನಂತರ ಕಣ್ಣಿಡಬೇಕಾದದ್ದು ನಿಫ್ಟಿಯ ಮೇಲಲ್ಲ, ಆ ಸರಾಸರಿಯ ಮೇಲೆ.

ಇನ್ನು ‘ಎರಡೂವರೆ ಸಾವಿರ ಹಾಕಿದರೆ ಸಾಕು’ ಎಂಬ ಮಾತು. ನಷ್ಟದ ಮಿತಿ ಅಷ್ಟೇ, ನಿಜ. ಆದರೆ ಖಾತೆಯಲ್ಲಿ ಅಷ್ಟೇ ಹಣವಿದ್ದರೆ ಆರ್ಡರ್ ಹೋಗುವುದಿಲ್ಲ. ನೀವು ಎರಡು ಲಾಟ್ ಆಪ್ಷನ್ ಮಾರಿದ್ದೀರಿ. ಅವುಗಳ ಒಟ್ಟು ಮೌಲ್ಯ 25,000ವನ್ನು 150ರಿಂದ ಗುಣಿಸಿದಷ್ಟು, ಅಂದರೆ 37.5 ಲಕ್ಷ. ಕೊಂಡ ರೆಕ್ಕೆಗಳಿಂದಾಗಿ ಮುಖ್ಯ ಮಾರ್ಜಿನ್, ಅಂದರೆ ಭದ್ರತೆಯಾಗಿ ಇಡಬೇಕಾದ ಹಣ, ತುಂಬಾ ಇಳಿಯುತ್ತದೆ. ಆದರೆ ಮಾರಿದ ಸೂಚ್ಯಂಕ ಆಪ್ಷನ್‌ಗಳ ಮೌಲ್ಯದ ಮೇಲೆ ಶೇ 2ರಷ್ಟು ಪ್ರತ್ಯೇಕ ಮಾರ್ಜಿನ್ ಉಳಿಯುತ್ತದೆ. ಅದೇ 75,000 ರೂಪಾಯಿ. 2024ರ ನವೆಂಬರ್‌ನಿಂದ ಸೆಬಿ ಎಕ್ಸ್‌ಪೈರಿಯ ದಿನ ಮಾರಿದ ಆಪ್ಷನ್‌ಗಳಿಗೆ ಇನ್ನೂ ಶೇ 2 ಸೇರಿಸಿದೆ. ಅಂದರೆ 2,775 ರೂಪಾಯಿಯ ಪಂದ್ಯಕ್ಕೆ ಕೊನೆಯ ದಿನ ಒಂದೂವರೆ ಲಕ್ಷದವರೆಗೆ ಹಣ ಸಿಕ್ಕಿಕೊಂಡಿರಬಹುದು. ಆ ದಿನ ಬೆಳಿಗ್ಗೆ ಮಾರ್ಜಿನ್ ಕೊರತೆ ಎಂದು ದಲ್ಲಾಳಿ ಸಂಸ್ಥೆ ನಿಮ್ಮ ಕಾಲ್‌ಗಳಲ್ಲಿ ಒಂದನ್ನು ಮುಚ್ಚಿಬಿಟ್ಟರೆ ತ್ರಿಕೋನವೇ ಕುಸಿಯುತ್ತದೆ.

ಹಾಗೆ ಕುಸಿಯುವ ಇನ್ನೊಂದು ದಾರಿಯನ್ನು ಕೊಂಡವರು ತಾವೇ ತೋಡಿಕೊಳ್ಳುತ್ತಾರೆ. ನಿಫ್ಟಿ ಮೇಲೇರಿದಾಗ 25,000ದ ಕಾಲ್ ಲಾಭದಲ್ಲಿ ಕಾಣುತ್ತದೆ. ‘ಇದನ್ನು ಮಾರಿ ಲಾಭ ಕಟ್ಟಿಕೊಳ್ಳೋಣ, ಉಳಿದವು ಹಾಗೇ ಇರಲಿ’ ಎಂದು ಕೈ ಹಾಕುತ್ತಾರೆ. ಆ ಕ್ಷಣದಿಂದ ಅವರ ಬಳಿ ಇರುವುದು ಬಟರ್‌ಫ್ಲೈ ಅಲ್ಲ. ಮಾರಿದ ಎರಡು ಕಾಲ್‌ಗಳಿಗೆ ಕೊಂಡ ಒಂದೇ ಕಾಲ್‌ನ ಆಸರೆ. ಉಳಿದ ಒಂದು ಬರಿಯ ಬೆತ್ತಲೆ ಮಾರಾಟ, ಮಿತಿಯಿಲ್ಲದ ನಷ್ಟದ್ದು. ಆದ್ದರಿಂದ ಕ್ರಮ ಮರೆಯಬೇಡಿ. ಒಳಗೆ ಹೋಗುವಾಗ ಮೊದಲು ಎರಡೂ ರೆಕ್ಕೆಗಳನ್ನು ಕೊಳ್ಳಿ, ಆಮೇಲೆ ನಡುವಿನವನ್ನು ಮಾರಿ. ಹೊರಬರುವಾಗ ಮೊದಲು ಮಾರಿದ ಎರಡನ್ನೂ ತಿರುಗಿ ಕೊಳ್ಳಿ, ಆಮೇಲೆ ರೆಕ್ಕೆಗಳನ್ನು ಮಾರಿ. ಕ್ರಮ ತಪ್ಪಿದರೆ ನಡುವೆ ಮಾರ್ಜಿನ್ ಏಕಾಏಕಿ ಏರಿ ಆರ್ಡರ್ ತಿರಸ್ಕೃತವಾಗುತ್ತದೆ, ಅಥವಾ ಅರ್ಧ ಕಟ್ಟಿದ ಸ್ಪ್ರೆಡ್ ಕೈಯಲ್ಲಿ ಉಳಿಯುತ್ತದೆ.

ಖರ್ಚಿನ ಲೆಕ್ಕವನ್ನು ಬಿಡುವಂತಿಲ್ಲ. ಝೆರೋಧಾ, ಗ್ರೋ ಎರಡೂ ನಮ್ಮ ಬೆಂಗಳೂರಿನವೇ. ಇಂಥ ಸಂಸ್ಥೆಗಳಲ್ಲಿ ಒಂದು ಆರ್ಡರ್‌ಗೆ 20 ರೂಪಾಯಿ ರೂಢಿಯ ದರ. ಒಳಗೆ ಹೋಗಲು ಮೂರು, ಹೊರಬರಲು ಮೂರು ಆರ್ಡರ್; ಜಿಎಸ್‌ಟಿ ಸೇರಿ ಸುಮಾರು 142 ರೂಪಾಯಿ. ಪಂದ್ಯದ ಮೊತ್ತದ ಶೇ 5 ಅಲ್ಲೇ ಹೋಯಿತು. ಅದಕ್ಕಿಂತ ದೊಡ್ಡದು ಕಾಣದ ಖರ್ಚು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಇರುವ ಅಂತರದಲ್ಲಿ ಪ್ರತಿ ಆಪ್ಷನ್‌ಗೆ ಅರ್ಧ ಅಂಶ ಕಳೆದುಕೊಂಡರೂ ನಾಲ್ಕು ಆಪ್ಷನ್‌ಗೆ ಎರಡು ಅಂಶ, ಹೊರಬರುವಾಗ ಮತ್ತೆರಡು. 37ರಲ್ಲಿ ನಾಲ್ಕು! ನಿಮಗೆ ಪೇಟೆಗಿಂತ ಚೂರು ಹೆಚ್ಚು ಗೊತ್ತಿದೆ ಎಂದೇ ಇಟ್ಟುಕೊಳ್ಳಿ, ಆ ಚೂರನ್ನು ಇದು ತಿಂದುಹಾಕುತ್ತದೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್‌ಗಳಲ್ಲಿ ವ್ಯವಹರಿಸಿದ ವ್ಯಕ್ತಿಗಳ ಪೈಕಿ ಶೇ 93 ಜನ ನಷ್ಟ ಅನುಭವಿಸಿದ್ದಾರೆ ಎಂದಿದೆ. ಹೀಗೆ ವ್ಯವಹರಿಸಿದ ವ್ಯಕ್ತಿಗಳೆಲ್ಲ ಸೇರಿ ವಹಿವಾಟಿನ ವೆಚ್ಚಕ್ಕೆಂದೇ ಸುಮಾರು 50,000 ಕೋಟಿ ರೂಪಾಯಿ ಕೊಟ್ಟಿದ್ದಾರೆ. ಸಣ್ಣ ಮೊತ್ತದ ಬಟರ್‌ಫ್ಲೈಯನ್ನು ವಾರವಾರವೂ ಅಭ್ಯಾಸದಂತೆ ಕೊಳ್ಳುವವರು ಈ ವೆಚ್ಚವನ್ನು ಒಂದು ಹಾಳೆಯಲ್ಲಿ ಕೂಡಿಸಿ ನೋಡಬೇಕು. ಮಾರುಕಟ್ಟೆ ದರದ ಆರ್ಡರ್ ಹಾಕಬೇಡಿ. ನಾಲ್ಕೂ ಸೇರಿ ಎಷ್ಟಕ್ಕೆ ಬೇಕೋ ಅದನ್ನು ಮೊದಲೇ ನಿಶ್ಚಯಿಸಿ, ಲಿಮಿಟ್ ಆರ್ಡರ್ ಇಡಿ. 37ಕ್ಕೆ ಸಿಗದಿದ್ದರೆ ಬಿಟ್ಟುಬಿಡಿ, 42 ಕೊಡಬೇಡಿ. 42 ಕೊಟ್ಟರೆ ನಿಮ್ಮ ಭಾಗಾಕಾರ ಶೇ 21 ಆಗುತ್ತದೆ. ಅಷ್ಟು ಸಾಧ್ಯತೆಯನ್ನು ನೀವು ನಂಬಿದ್ದೀರಾ?

ಕೊನೆಯಲ್ಲಿ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ಯುವತಿ ಕೇಳಿದ ಪ್ರಶ್ನೆ ಬಹಳ ಒಳ್ಳೆಯದಿತ್ತು. ‘ನಿಫ್ಟಿ ನನಗೆ ಅಷ್ಟು ಗೊತ್ತಿಲ್ಲ. ಇನ್ಫೋಸಿಸ್ ಷೇರನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಅದರ ಮೇಲೆಯೇ ಬಟರ್‌ಫ್ಲೈ ಮಾಡಬಹುದೇ?’

ಮಾಡಬಹುದಮ್ಮ. ತನಗೆ ಗೊತ್ತಿರುವ ಷೇರಿನ ಮೇಲೆ ಅಭಿಪ್ರಾಯ ಇಟ್ಟುಕೊಳ್ಳುವುದು ಸರಿಯಾದ ದಾರಿಯೇ. ಆದರೆ ಅಲ್ಲಿ ಒಂದು ನಿಯಮ ಬೇರೆ. ನಿಫ್ಟಿ ಆಪ್ಷನ್ ಹಣದಲ್ಲಿ ಚುಕ್ತಾ ಆಗುತ್ತದೆ. ಬಿಡಿ ಷೇರುಗಳ ಆಪ್ಷನ್‌ಗಳು 2019ರ ಅಕ್ಟೋಬರ್‌ನಿಂದ ಪೂರ್ತಿಯಾಗಿ ಷೇರು ವಿತರಣೆಯಲ್ಲೇ ಚುಕ್ತಾ ಆಗಬೇಕು. ಅದರ ಪರಿಣಾಮವನ್ನು ಹಂತ ಹಂತವಾಗಿ ನೋಡಿ. ಷೇರು ನಿಮ್ಮ ಕೆಳಗಿನ ಸ್ಟ್ರೈಕ್‌ಗಿಂತ ಕೆಳಗೆ ಮುಗಿದರೆ ಎಲ್ಲವೂ ಸೊನ್ನೆ, ವಿತರಣೆಯೂ ಇಲ್ಲ. ಮೇಲಿನ ಸ್ಟ್ರೈಕ್ ದಾಟಿ ಮುಗಿದರೆ ಕೊಳ್ಳಬೇಕಾದ ಎರಡು ಲಾಟ್, ಕೊಡಬೇಕಾದ ಎರಡು ಲಾಟ್ ಒಂದಕ್ಕೊಂದು ವಜಾ ಆಗುತ್ತವೆ. ಆದರೆ ಕೆಳಗಿನ ಮತ್ತು ನಡುವಿನ ಸ್ಟ್ರೈಕ್‌ಗಳ ಮಧ್ಯೆ ಮುಗಿದರೆ ನೀವು ಒಂದು ಲಾಟ್ ಷೇರುಗಳನ್ನು ಪೂರ್ತಿ ಹಣ ಕೊಟ್ಟು ಕೊಳ್ಳಬೇಕು; ಅದು ಹಲವು ಲಕ್ಷದ ಮಾತು. ನಡುವಿನ ಮತ್ತು ಮೇಲಿನ ಸ್ಟ್ರೈಕ್‌ಗಳ ಮಧ್ಯೆ ಮುಗಿದರೆ ಒಂದು ಲಾಟ್ ಷೇರುಗಳನ್ನು ಕೊಡಬೇಕು. ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಅವು ಇಲ್ಲದಿದ್ದರೆ ಹರಾಜಿನ ದಂಡ ತೆರಬೇಕು. ಅಂದರೆ ಬಟರ್‌ಫ್ಲೈ ಎಲ್ಲಿ ಗೆಲ್ಲುತ್ತದೆಯೋ, ಸರಿಯಾಗಿ ಅಲ್ಲೇ ವಿತರಣೆಯ ಹೊರೆ ಬೀಳುತ್ತದೆ. ಅದೂ ಅಲ್ಲದೆ, ಲಾಭದಲ್ಲಿರುವ ಕೊಂಡ ಆಪ್ಷನ್‌ಗಳಿಗೂ ಎಕ್ಸ್‌ಪೈರಿಗೆ ಮುಂಚಿನ ದಿನಗಳಲ್ಲಿ ಮಾರ್ಜಿನ್ ಹಂತ ಹಂತವಾಗಿ ಏರುತ್ತದೆ. ಕೊನೆಯ ಎರಡು ಗಂಟೆಯಲ್ಲಿ ಬರುವ ಲಾಭವನ್ನು ಬಿಡಿ ಷೇರಿನಲ್ಲಿ ಕಾಯುತ್ತಾ ಕೂರುವಂತಿಲ್ಲ. ಹಾಗಾಗಿ ಇನ್ಫೋಸಿಸ್ ಬಟರ್‌ಫ್ಲೈ ಕೊಳ್ಳುವುದಾದರೆ ಶಿಖರದ 200 ಅಂಶದ ಲೆಕ್ಕವನ್ನು ಬಿಟ್ಟು, ಎಕ್ಸ್‌ಪೈರಿಗೆ ಒಂದೆರಡು ದಿನ ಮೊದಲೇ ಹೊರಬಂದರೆ ಏನು ಸಿಗುತ್ತದೆ ಎಂಬ ಲೆಕ್ಕದ ಮೇಲೆ ಬೆಲೆ ಕಟ್ಟಿ. ನಿಫ್ಟಿಯಲ್ಲಿ 37ಕ್ಕೆ ಕೊಂಡದ್ದು, ಎರಡು ದಿನ ಇರುವಾಗ ಶಿಖರದಲ್ಲೇ ನಿಂತರೂ 57 ಮಾತ್ರ ಆಗಿತ್ತು. ಬಿಡಿ ಷೇರಿನಲ್ಲಿ ನಿಮ್ಮ ನಿಜವಾದ ಗರಿಷ್ಠ ಲಾಭ ಇದೇ ರೀತಿಯದು. ಷೇರು ಆಪ್ಷನ್‌ಗಳಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರ ನಿಫ್ಟಿಗಿಂತ ದೊಡ್ಡದು, ಅದನ್ನೂ ಇದರಿಂದಲೇ ಕಳೆಯಬೇಕು.